ಕಂಚಿನ ಯುಗದ ಅರಮನೆಗಳ ಅವಸಾನ : ಕಾರಣವಿಚಾರ

೧

ಕ್ರಿ. ಪೂ. ಹದಿಮೂರನೆಯ ಶತಮಾನದಲ್ಲಿ ಮೆಡಿಟರೇನಿಯನ್ ಸಮುದ್ರದ ಪೂರ್ವಭಾಗದ ಸುತ್ತಲೂ ಹಲವು ರಾಜ್ಯಗಳು ಏಳಿಗೆಯಲ್ಲಿದ್ದುವು. ಗ್ರೀಸ್ ದೇಶದಲ್ಲಿ ಮೈಸೀನೆ, ಟಿರಿನ್ಸ್, ಪೈಲೋಸ್, ಥೀಬ್ಸ್ ಎಂಬ ಅರಮನೆಗಳು; ಏಷ್ಯಾಮೈನರಿನ ಒಳನಾಡಿನಲ್ಲಿ ಹತ್ತುಸಾ ಪಟ್ಟಣವನ್ನು ರಾಜಧಾನಿಯಾಗಿ ಉಳ್ಳ ಹಿಟ್ಟೈಟರ ಸಾಮ್ರಾಜ್ಯ; ಸಿರಿಯಾದ ಕರಾವಳಿಯಲ್ಲಿ ಅವರಿಗೆ ಅಧೀನವಾಗಿದ್ದ ಉಗಾರಿಟ್; ಆಗ ಅಲಾಶಿಯ ಎಂದು ಕರೆಯಲ್ಪಡುತ್ತಿದ್ದ ಸೈಪ್ರಸ್ ದ್ವೀಪ; ದಕ್ಷಿಣದಲ್ಲಿ ಈಜಿಪ್ಟ್. ಈ ರಾಜರು ಒಬ್ಬರನ್ನೊಬ್ಬರು ಸಹೋದರರೆಂದು ಸಂಬೋಧಿಸಿ ಓಲೆ ಕಳುಹಿಸುತ್ತಿದ್ದರು. ಹೊನ್ನು, ತಾಮ್ರ, ಧಾನ್ಯ, ವೈದ್ಯರು, ವಧುಗಳು ಇವರ ನಡುವೆ ಓಡಾಡುತ್ತಿದ್ದುವು. ಕ್ರಿ. ಪೂ. ೧೨೦೦ರಿಂದ ೧೧೭೫ರ ವರೆಗಿನ ಅವಧಿಯನ್ನು ದಾಟಿ ನೋಡಿದರೆ ಈ ಚಿತ್ರವು ಹರಿದುಹೋಗಿದೆ. ಪೈಲೋಸಿನ ಅರಮನೆ ಸುಟ್ಟುಹೋಯಿತು. ಉಗಾರಿಟ್ ಸುಟ್ಟುಹೋಗಿ ಮತ್ತೆ ಪಟ್ಟಣವಾಗಲೇ ಇಲ್ಲ. ಹತ್ತುಸಾ ಬರಿದಾಯಿತು. ಗ್ರೀಸಿನಲ್ಲಿ ಬರೆವಣಿಗೆಯೇ ನಿಂತುಹೋಯಿತು.

ಹೀಗೆ ಒಂದು ತಲೆಮಾರಿನೊಳಗೆ ಇಷ್ಟು ಅರಮನೆಗಳು ಬಿದ್ದುದಕ್ಕೆ ಕಾರಣವೇನು? ಈ ಪ್ರಶ್ನೆಗೆ ಚರಿತ್ರಕಾರರು ಒಂದೂವರೆ ಶತಮಾನದಿಂದ ಉತ್ತರಗಳನ್ನು ಕೊಡುತ್ತ ಬಂದಿದ್ದಾರೆ. ಆ ಉತ್ತರಗಳೆಲ್ಲವನ್ನೂ ಪಟ್ಟಿಮಾಡುವುದು ಈ ಲೇಖನದ ಉದ್ದೇಶವಲ್ಲ. ಮುಖ್ಯವಾಗಿ ಉಗಾರಿಟ್ ಪಟ್ಟಣವೊಂದನ್ನೇ ಮುಂದಿಟ್ಟುಕೊಂಡು, ಒಂದೊಂದು ಉತ್ತರಕ್ಕೂ ಆಧಾರ ಎಷ್ಟಿದೆ, ಆ ಆಧಾರವು ಎಷ್ಟು ಭಾರವನ್ನು ಹೊರಬಲ್ಲುದು ಎಂಬುದನ್ನು ಇಲ್ಲಿ ವಿಚಾರಮಾಡಲಾಗಿದೆ. ವಿಚಾರದ ಕೊನೆಯಲ್ಲಿ ನಾವು ಮುಟ್ಟುವ ನಿರ್ಣಯವನ್ನು ಮೊದಲೇ ಹೇಳಿಬಿಡಬಹುದು: ಎಲ್ಲ ಅರಮನೆಗಳ ಮೇಲೂ ಬಿದ್ದ ಒಂದೇ ಪೆಟ್ಟನ್ನು ಹುಡುಕುವುದಕ್ಕಿಂತ, ಬೇರೆ ಬೇರೆ ಪೆಟ್ಟುಗಳಿಗೂ ಒಂದೇ ರೀತಿಯಲ್ಲಿ ಬೀಳುವಂತೆ ಅವುಗಳನ್ನು ಮಾಡಿದ ಕಟ್ಟಡವನ್ನು ಪರೀಕ್ಷಿಸುವುದು ಹೆಚ್ಚು ಫಲಕಾರಿ.

೨

ಮೊದಲು ಅರಮನೆಯ ಅರ್ಥವ್ಯವಸ್ಥೆ ಎಂದರೇನೆಂಬುದನ್ನು ತಿಳಿಯಬೇಕು. ಇದಕ್ಕೆ ಪೈಲೋಸಿಗಿಂತ ಒಳ್ಳೆಯ ನಿದರ್ಶನವಿಲ್ಲ. ೧೯೩೯ರಲ್ಲಿ ಕಾರ್ಲ್ ಬ್ಲೆಗನ್ ಎಂಬ ಅಮೆರಿಕದ ವಿದ್ವಾಂಸನು ಅಲ್ಲಿ ಅಗೆಯಲು ತೊಡಗಿದ ಪ್ರಾರಂಭದಲ್ಲಿಯೇ ಬರೆವಣಿಗೆಯುಳ್ಳ ಮಣ್ಣಿನ ಫಲಕಗಳು ದೊರೆತುವು. ೧೯೫೨ರಲ್ಲಿ ಮೈಕೇಲ್ ವೆಂಟ್ರಿಸ್ ಆ ಲಿಪಿಯನ್ನು ಬಿಡಿಸಿ ಅದರ ಭಾಷೆ ಗ್ರೀಕೇ ಎಂದು ತೋರಿಸಿಕೊಟ್ಟನು. ಆದರೆ ಕಾವ್ಯವನ್ನೋ ರಾಜಚರಿತ್ರೆಯನ್ನೋ ನಿರೀಕ್ಷಿಸಿದವರಿಗೆ ಅಲ್ಲಿ ಸಿಕ್ಕಿದುದು ಶಾನುಭೋಗರ ಕಡತ. ಇಷ್ಟು ಕುರಿ, ಇಷ್ಟು ಉಣ್ಣೆ, ಇಷ್ಟು ಎಣ್ಣೆ, ಇಂತಹವನಿಂದ ಇಷ್ಟು ಬಾಕಿ ಎಂಬ ಲೆಕ್ಕವೇ ಎಲ್ಲೆಲ್ಲಿಯೂ.

ಈ ಲೆಕ್ಕದಿಂದಲೇ ವ್ಯವಸ್ಥೆಯ ಸ್ವರೂಪವು ಹೊರಬೀಳುತ್ತದೆ. ರಾಜ್ಯವನ್ನು ಎರಡು ಭಾಗಗಳಾಗಿಯೂ ಆ ಭಾಗಗಳನ್ನು ಒಟ್ಟು ಹದಿನಾರು ವಿಭಾಗಗಳಾಗಿಯೂ ಹಂಚಿ, ಒಂದೊಂದರಿಂದಲೂ ಆರು ಬಗೆಯ ಪದಾರ್ಥಗಳನ್ನು ಗೊತ್ತಾದ ಪ್ರಮಾಣದಲ್ಲಿ ಕಂದಾಯವಾಗಿ ಪಡೆಯುತ್ತಿದ್ದರು. ನಾಣ್ಯವಿನ್ನೂ ಹುಟ್ಟಿರಲಿಲ್ಲ, ಆದುದರಿಂದ ಬಂದುದೂ ಪದಾರ್ಥ, ಹೋದುದೂ ಪದಾರ್ಥ. ನೂಲುವುದು ನೇಯುವುದು ಮೊದಲಾದ ಕೆಲಸಗಳಿಗೆ ಸುಮಾರು ೭೫೦ ಮಂದಿ ಹೆಂಗಸರಿದ್ದರು. ಅವರಿಗೂ ಅವರ ಮಕ್ಕಳಿಗೂ ಅರಮನೆಯ ಕಣಜದಿಂದ ಧಾನ್ಯವನ್ನೂ ಅಂಜೂರವನ್ನೂ ಅಳೆದುಕೊಡುತ್ತಿದ್ದರು. ಕಮ್ಮಾರರಿಗೆ ಕಂಚನ್ನು ತೂಗಿ ಕೊಟ್ಟು ಮಾಡಿಸುತ್ತಿದ್ದರು. ಕೆಲವರ ಹೆಸರಿನ ಮುಂದೆ ಅವರಿಗೆ ಕಂಚಿಲ್ಲವೆಂದು ಬರೆದಿದೆ. ಅಂದರೆ ನೇಯುವವಳು ತಾನು ಉಣ್ಣುವುದನ್ನು ಬೆಳೆಯುತ್ತಿರಲಿಲ್ಲ. ಕಮ್ಮಾರನು ತನಗೆ ಬೇಕಾದ ಲೋಹವನ್ನು ತಾನೇ ತರಿಸುತ್ತಿರಲಿಲ್ಲ. ಇವರಿಬ್ಬರ ಜೀವನವೂ ಲೆಕ್ಕ ಬರೆಯುವ ಕೆಲವೇ ಮಂದಿಯ ಕೈಯಲ್ಲಿ ನಿಂತಿತ್ತು.

ಇನ್ನೊಂದು ಮಾತು. ಕಂಚು ಎಂಬುದು ತಾಮ್ರ ತವರಗಳ ಮಿಶ್ರಣ. ತಾಮ್ರವು ಸೈಪ್ರಸಿನಲ್ಲಿ ಹೇರಳವಾಗಿ ದೊರೆಯುತ್ತಿತ್ತು. ತವರವು ಬಹುದೂರದಿಂದ ಬರಬೇಕಾಗಿತ್ತು. ತುರ್ಕಿಯ ದಕ್ಷಿಣ ಕರಾವಳಿಯ ಉಲುಬುರುನ್ ಎಂಬಲ್ಲಿ ಕ್ರಿ. ಪೂ. ೧೩೦೦ರ ಸುಮಾರಿಗೆ ಮುಳುಗಿದ ಹಡಗೊಂದು ೧೯೮೨ರಲ್ಲಿ ಕಂಡುಬಂದಿತು. ಅದರಲ್ಲಿ ಸುಮಾರು ಹತ್ತು ಟನ್ನು ತಾಮ್ರವೂ ಒಂದು ಟನ್ನು ತವರವೂ ಇದ್ದುವು. ಕಂಚನ್ನು ಎರಕಹೊಯ್ಯುವುದಕ್ಕೆ ಬೇಕಾದ ಪ್ರಮಾಣವೂ ಹೆಚ್ಚುಕಡಮೆ ಇದೇ. ಒಂದು ಅರಮನೆಯ ಕತ್ತಿಯು ಇನ್ನೆಷ್ಟೋ ಅರಮನೆಗಳ ಸೌಖ್ಯವನ್ನು ಅವಲಂಬಿಸಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

೩

ಪತನಕ್ಕೆ ಮೊದಲು ಕೊಟ್ಟ ಕಾರಣ ಸಮುದ್ರಜನರ ದಾಳಿ. ಈಜಿಪ್ಟಿನ ದೊರೆ ಮೂರನೆಯ ರಾಮ್ಸೆಸನು ತನ್ನ ಆಳಿಕೆಯ ಎಂಟನೆಯ ವರ್ಷದಲ್ಲಿ, ಎಂದರೆ ಕ್ರಿ. ಪೂ. ೧೧೭೭ರ ಸುಮಾರಿಗೆ, ಉತ್ತರದಿಂದ ಬಂದ ಶತ್ರುಗಳನ್ನು ನೆಲದ ಮೇಲೂ ನೀರಿನ ಮೇಲೂ ಗೆದ್ದುದನ್ನು ಮೆದಿನೆತ್ ಹಾಬುವಿನ ದೇವಾಲಯದ ಗೋಡೆಗಳಲ್ಲಿ ಕೆತ್ತಿಸಿದನು. ಆ ಶತ್ರುಗಳು ಹತ್ತಿ, ಕೋದೆ, ಕಾರ್ಕೆಮಿಷ್, ಅರ್ಜಾವ, ಅಲಾಶಿಯಗಳನ್ನೆಲ್ಲ ಹಾಳುಮಾಡಿ ಈಜಿಪ್ಟಿನ ಕಡೆಗೆ ಬಂದರೆಂದು ಶಾಸನವು ಸಾರುತ್ತದೆ. ಚಿತ್ರಗಳಲ್ಲಿ ಹೆಂಗಸರು ಮಕ್ಕಳನ್ನು ಹೊತ್ತ ಎತ್ತಿನ ಬಂಡಿಗಳೂ ಇವೆ. ಇದಕ್ಕೆ ಮುಂಚೆ ಮೆರ್ನೆಪ್ಟಾ ಎಂಬ ದೊರೆಯೂ ಇಂತಹ ಜನರೊಡನೆ ಯುದ್ಧಮಾಡಿದುದನ್ನು ತನ್ನ ಐದನೆಯ ವರ್ಷದ, ಎಂದರೆ ಕ್ರಿ. ಪೂ. ೧೨೦೮ರ ಸುಮಾರಿನ, ಶಾಸನದಲ್ಲಿ ಹೇಳಿಕೊಂಡಿದ್ದಾನೆ. ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ವಿದ್ವಾಂಸರಾದ ಎಮ್ಮಾನ್ಯುಯೆಲ್ ದ ರೂಜೆ, ಗಾಸ್ತೋನ್ ಮಾಸ್ಪೆರೊ ಮೊದಲಾದವರು ಈ ಶಾಸನಗಳ ಆಧಾರದಿಂದ ಇವರಿಗೆ ಸಮುದ್ರಜನರೆಂಬ ಹೆಸರನ್ನೂ, ಇವರ ವಲಸೆಯೇ ಆ ಕಾಲದ ಪ್ರಳಯಕ್ಕೆ ಕಾರಣವೆಂಬ ಕಥೆಯನ್ನೂ ಬಳಕೆಗೆ ತಂದರು.

ಶಾಸನಗಳನ್ನು ಓದಿ ಬಲ್ಲ ನಮ್ಮ ವಾಚಕರಿಗೆ ಪ್ರಶಸ್ತಿಭಾಗವನ್ನು ಹೇಗೆ ತೂಗಬೇಕೆಂಬುದನ್ನು ಹೇಳಬೇಕಾಗಿಲ್ಲ. ಆಳುವ ಅರಸನು ಮಂಡಲಗಳನ್ನೆಲ್ಲ ಗೆದ್ದನೆಂದು ನಮ್ಮ ಶಿಲಾಶಾಸನದಲ್ಲಿದ್ದರೆ ಎದುರುಕಡೆಯ ಶಾಸನವನ್ನು ಹುಡುಕಿ ನೋಡುವುದು ನಮ್ಮ ರೂಢಿ. ಮೆದಿನೆತ್ ಹಾಬುವಿಗೂ ಇದೇ ನ್ಯಾಯ. ಅಲ್ಲಿ ಹಾಳಾಯಿತೆಂದು ಹೇಳಿರುವ ಕಾರ್ಕೆಮಿಷಿನ ವಿಷಯವನ್ನೇ ತೆಗೆದುಕೊಳ್ಳೋಣ. ಯೂಫ್ರೆಟೀಸ್ ನದಿಯ ದಡದ ಈ ಪಟ್ಟಣದಿಂದ ಹಿಟ್ಟೈಟ್ ರಾಜವಂಶದ ಒಂದು ಶಾಖೆಯು ಸಿರಿಯಾವನ್ನು ಆಳುತ್ತಿತ್ತು. ಅದರ ದೊರೆ ತಲ್ಮಿ-ತೆಶುಬನು ಉಗಾರಿಟಿನ ಕೊನೆಯ ಅರಸನಿಗೆ ಸಮಕಾಲೀನ. ೧೯೮೫ರಲ್ಲಿ ಲಿದಾರ್ ಹುಯುಕ್ ಎಂಬ ದಿಣ್ಣೆಯಲ್ಲಿ ಇವನ ಮಗನಾದ ಕುಜಿ-ತೆಶುಬನ ಮುದ್ರೆಯೊತ್ತಿದ ಮಣ್ಣು ದೊರೆಯಿತು; ಅದರಲ್ಲಿ ಅವನನ್ನು ಕಾರ್ಕೆಮಿಷಿನ ದೊರೆಯೆಂದು ಹೇಳಿದೆ. ಅವನ ಮೊಮ್ಮಕ್ಕಳು ಮೆಲಿದ್ ಪ್ರಾಂತದಲ್ಲಿ ಆಳಿದುದೂ ಅವರ ಶಾಸನಗಳಿಂದ ತಿಳಿದುಬರುತ್ತದೆ. ಹತ್ತುಸಾ ಹೋದಮೇಲೆಯೂ ಕಾರ್ಕೆಮಿಷ್ ಉಳಿಯಿತು, ವಂಶವೂ ಉಳಿಯಿತು. ಈಜಿಪ್ಟಿನ ಪಟ್ಟಿಯಲ್ಲಿ ಒಂದು ಹೆಸರು ಹೀಗೆ ಸುಳ್ಳಾದ ಮೇಲೆ ಉಳಿದ ಹೆಸರುಗಳನ್ನು ಆ ಪಟ್ಟಿಯ ಮಾತಿನ ಮೇಲೆಯೇ ನಂಬುವುದಕ್ಕಾಗುವುದಿಲ್ಲ.

ಹತ್ತುಸಾದ ವಿಷಯದಲ್ಲಿಯೂ ಅಗೆತವು ಹೊಸ ಸಂಗತಿಯನ್ನು ಹೊರಗೆಡಹಿದೆ. ಯೂರ್ಗೆನ್ ಜೇಹರ್ ಎಂಬ ಜರ್ಮನ್ ವಿದ್ವಾಂಸನ ಪರಿಶೋಧನೆಯಂತೆ, ಅಲ್ಲಿ ಬೆಂಕಿ ಬಿದ್ದ ಕಟ್ಟಡಗಳಲ್ಲಿ ಬೆಲೆಯುಳ್ಳ ಸಾಮಾನುಗಳಾವುವೂ ಇರಲಿಲ್ಲ. ಶತ್ರುಗಳು ಇದ್ದಕ್ಕಿದ್ದಂತೆ ಮೇಲೆಬಿದ್ದಿದ್ದರೆ ಪಾತ್ರೆಪದಾರ್ಥಗಳು ಇದ್ದಲ್ಲಿಯೇ ಬೂದಿಯಲ್ಲಿ ಸಿಕ್ಕಬೇಕಾಗಿತ್ತು. ಅರಸನೂ ಅಧಿಕಾರಿಗಳೂ ಬೇಕಾದುದನ್ನು ತೆಗೆದುಕೊಂಡು ಮೊದಲೇ ಹೊರಟುಹೋಗಿದ್ದರು. ಬೆಂಕಿ ಬಿದ್ದುದು ಬರಿದಾದ ಊರಿಗೆ. ರಾಜಧಾನಿಯನ್ನು ಬಿಟ್ಟುಹೋಗುವುದು ಸೋಲಲ್ಲವೆಂದಲ್ಲ. ಆದರೆ ಅದು ಬೇರೆ ಜಾತಿಯ ಸೋಲು, ಅದಕ್ಕೆ ಬೇರೆ ಜಾತಿಯ ಕಾರಣವೂ ಬೇಕು.

೪

ಇನ್ನು ಉಗಾರಿಟಿಗೆ ಬರೋಣ. ೧೯೨೮ರಲ್ಲಿ ಸಿರಿಯಾದ ಕಡಲತೀರದಲ್ಲಿ ಉಳುತ್ತಿದ್ದ ರೈತನ ನೇಗಿಲಿಗೆ ಗೋರಿಯ ಕಲ್ಲೊಂದು ತಗುಲಿತು. ಮರುವರ್ಷ ಕ್ಲಾಡ್ ಶೆಫರ್ ಎಂಬ ಫ್ರೆಂಚ್ ವಿದ್ವಾಂಸನು ಅಗೆತವನ್ನು ಪ್ರಾರಂಭಿಸಿದನು. ಹತ್ತಿರದ ದಿಣ್ಣೆಯಲ್ಲಿ ಅರಮನೆಯೂ ವರ್ತಕರ ಮನೆಗಳೂ ಸಾವಿರಾರು ಮಣ್ಣಿನ ಫಲಕಗಳೂ ಬೆಳಕಿಗೆ ಬಂದುವು. ಅರಮನೆಯ ಅಂಗಳವೊಂದರಲ್ಲಿ ಶೆಫರನಿಗೆ ಫಲಕಗಳನ್ನು ಸುಡುವ ಆವಿಗೆಯೆಂದು ತೋರಿದ ಒಂದು ರಚನೆಯೂ ಅದರಲ್ಲಿ ಹಲವು ಫಲಕಗಳೂ ಕಂಡುವು. ಕೊನೆಯ ದಿನ ಬಂದ ಓಲೆಗಳನ್ನು ಲೇಖಕರು ಆವಿಗೆಗೆ ಇಟ್ಟಿದ್ದರು. ಅವನ್ನು ಹೊರತೆಗೆಯುವ ಮೊದಲೇ ಶತ್ರುಗಳು ನುಗ್ಗಿದರು ಎಂದು ಅವನು ವಿವರಿಸಿದನು. ಈ ಕಥೆಯು ಬಹುಕಾಲ ಪಠ್ಯಪುಸ್ತಕಗಳಲ್ಲಿ ನಡೆದುಬಂದಿತು. ಆದರೆ ಆ ಸ್ಥಳವನ್ನು ಮತ್ತೆ ಪರೀಕ್ಷಿಸಿದವರಿಗೆ ಬೇರೊಂದು ಸಂಗತಿ ಗೋಚರಿಸಿತು. ಆ ಒಲೆಯು ಅರಮನೆ ಬಿದ್ದ ಮೇಲೆ, ಹಾಳಿನಲ್ಲಿ ಕೆಲಕಾಲ ಬೀಡುಬಿಟ್ಟವರು ಕಟ್ಟಿಕೊಂಡದ್ದು. ಫಲಕಗಳು ಮೇಲಿನ ಅಂತಸ್ತಿನಿಂದ ಬಿದ್ದವು. ಒಂದರ ಪಕ್ಕದಲ್ಲಿ ಇನ್ನೊಂದು ಸಿಕ್ಕಿತೆಂದ ಮಾತ್ರಕ್ಕೆ ಅವು ಒಂದೇ ದಿನದವೆಂದು ಹೇಳಲಾಗದು.

ಕಾಲನಿರ್ಣಯದ ಇದೇ ತೊಡಕು ಉಗಾರಿಟಿನ ಅತ್ಯಂತ ಪ್ರಸಿದ್ಧವಾದ ಓಲೆಗೂ ಉಂಟು. ಇದು ಸಿಕ್ಕಿದುದು ರಪಾನು ಎಂಬ ಅಧಿಕಾರಿಯ ಮನೆಯಲ್ಲಿ. ಬರೆಯಿಸಿದವನು ಕೊನೆಯ ಅರಸನಾದ ಅಮ್ಮುರಾಪಿ. ತಲುಪಬೇಕಾದವನು ಅಲಾಶಿಯದ ದೊರೆ. ಶತ್ರುವಿನ ಹಡಗುಗಳು ಬಂದು ತನ್ನ ಊರುಗಳನ್ನು ಸುಟ್ಟುವೆಂದೂ, ತನ್ನ ಸೈನ್ಯವೆಲ್ಲ ಹತ್ತಿ ದೇಶದಲ್ಲಿಯೂ ತನ್ನ ಹಡಗುಗಳೆಲ್ಲ ಲುಕ್ಕಾ ದೇಶದಲ್ಲಿಯೂ ಇವೆಯೆಂದೂ, ಆದುದರಿಂದ ನಾಡು ಕಾವಲಿಲ್ಲದೆ ಬಿದ್ದಿದೆಯೆಂದೂ, ಬಂದ ಹಡಗುಗಳು ಏಳೆಂದೂ, ಇನ್ನಾವುವಾದರೂ ಕಂಡರೆ ತಿಳಿಸಬೇಕೆಂದೂ ಅದರಲ್ಲಿದೆ. ಓಲೆಯಲ್ಲಿ ತಿಥಿಯಿಲ್ಲ. ಪಟ್ಟಣವು ಬೀಳುವುದಕ್ಕೆ ಕೆಲವು ದಿನ ಮುಂಚಿನದೋ ಕೆಲವು ವರ್ಷ ಮುಂಚಿನದೋ ಅದರಿಂದಲೇ ಹೇಳುವಂತಿಲ್ಲ.

ಆದರೆ ತಿಥಿಯಿಲ್ಲದೆಯೇ ಈ ಓಲೆಯು ಒಂದು ಮುಖ್ಯವಾದ ಅಂಶವನ್ನು ತಿಳಿಸುತ್ತದೆ. ಏಳು ಹಡಗುಗಳು ದೊಡ್ಡ ನೌಕಾಸೈನ್ಯವಲ್ಲ. ವ್ಯಾಪಾರಕ್ಕೂ ಯುದ್ಧಕ್ಕೂ ಹೆಸರಾದ ರೇವುಪಟ್ಟಣವೊಂದು ಏಳು ಹಡಗುಗಳಿಗೆ ಹೆದರಬೇಕಾಗಿ ಬಂದುದು ತನ್ನ ಬಲವು ತನ್ನಲ್ಲಿಲ್ಲದ್ದರಿಂದ. ಆ ಬಲವನ್ನು ಕರೆಸಿಕೊಂಡವನು ಶತ್ರುವಲ್ಲ, ಮೇಲಿನ ಒಡೆಯನಾದ ಹಿಟ್ಟೈಟ್ ಚಕ್ರವರ್ತಿ. ಚಕ್ರವರ್ತಿಗೆ ತನ್ನ ಪಶ್ಚಿಮದ ಗಡಿಯಲ್ಲಿ ತೊಂದರೆಯಾದಾಗ ಅವನು ಸಾಮಂತನ ಸೈನ್ಯವನ್ನು ಎಳೆದುಕೊಂಡನು. ಅದರಿಂದ ಸಾಮಂತನ ಕರಾವಳಿ ತೆರೆದುಬಿದ್ದಿತು. ಒಂದು ಕಡೆಯ ರೋಗವು ಇನ್ನೊಂದು ಕಡೆಗೆ ಹೀಗೆ ಸಾಗಿಹೋಗುತ್ತಿತ್ತು, ಮತ್ತು ಅದು ಸಾಗುತ್ತಿದ್ದುದು ಸಂಧಿವಿಧಿಗಳ ಮೂಲಕವೇ.

ಧಾನ್ಯದ ವಿಷಯವೂ ಇದೇ ರೀತಿ. ಹಿಟ್ಟೈಟ್ ದೊರೆಯು ಉಗಾರಿಟಿಗೆ ಬರೆಯಿಸಿದ ಇನ್ನೊಂದು ಓಲೆಯಲ್ಲಿ, ಮುಕಿಷ್ ನಾಡಿನಿಂದ ಎರಡು ಸಾವಿರ ಅಳತೆ ಧಾನ್ಯವನ್ನು, ನಮ್ಮ ಲೆಕ್ಕದಲ್ಲಿ ಸುಮಾರು ೪೫೦ ಟನ್ನು, ಉರಾ ಎಂಬ ರೇವಿಗೆ ಸಾಗಿಸಲು ಹಡಗನ್ನೂ ನಾವಿಕರನ್ನೂ ಕೊಡಬೇಕೆಂದೂ, ಇದು ಸಾವುಬದುಕಿನ ಮಾತೆಂದೂ ಆಜ್ಞಾಪಿಸಿದೆ. ಈಜಿಪ್ಟಿನ ಮೆರ್ನೆಪ್ಟಾ ದೊರೆಯೂ ಹತ್ತಿ ದೇಶವನ್ನು ಬದುಕಿಸುವುದಕ್ಕಾಗಿ ಹಡಗಿನಲ್ಲಿ ಧಾನ್ಯವನ್ನು ಕಳುಹಿಸಿದೆನೆಂದು ಹೇಳಿಕೊಂಡಿದ್ದಾನೆ. ಉರ್ತೇನು ಎಂಬ ಉಗಾರಿಟಿನ ದೊಡ್ಡ ವರ್ತಕನ ಮನೆಯಲ್ಲಿ ಸಿಕ್ಕಿದ ಓಲೆಗಳಲ್ಲಿಯೂ ಹಸಿವಿನ ಮಾತು ಬರುತ್ತದೆ. ಸಮುದ್ರದಿಂದ ದೂರವಾದ ಪರ್ವತಪ್ರದೇಶದ ರಾಜಧಾನಿಯು ಕರಾವಳಿಯ ಹಡಗುಗಳನ್ನು ನಂಬಿ ಉಣ್ಣುವ ಸ್ಥಿತಿಗೆ ಬಂದಿತ್ತು. ಕರಾವಳಿಯ ಹಡಗುಗಳು ನಿಂತರೆ ಹತ್ತುಸಾವನ್ನು ಯಾರೂ ಮುತ್ತಬೇಕಾಗಿರಲಿಲ್ಲ.

ಉಗಾರಿಟಿನ ಅಂತ್ಯವು ಮಾತ್ರ ಬೆಂಕಿ ಬಾಣಗಳಿಂದಲೇ ಆಯಿತೆಂಬುದರಲ್ಲಿ ಸಂಶಯವಿಲ್ಲ. ಸುಟ್ಟ ಮಣ್ಣಿನ ಪದರದಲ್ಲಿ ಬಾಣದ ಮೊನೆಗಳು ಹರಡಿಬಿದ್ದಿವೆ. ಹೊಡೆದವರ ಹೆಸರು ಯಾವ ಫಲಕದಲ್ಲಿಯೂ ಇಲ್ಲ.

೫

ಏಕಕಾಲದಲ್ಲಿ ಎಂಬ ಮಾತನ್ನು ನಾವು ಇದುವರೆಗೆ ಪ್ರಶ್ನಿಸದೆ ಬಳಸಿದೆವು. ಅದು ಎಷ್ಟರಮಟ್ಟಿಗೆ ನಿಜ? ಉಗಾರಿಟಿನ ಅಂತ್ಯಕ್ಕೆ ಒಂದು ಮೇಲ್ಮಿತಿ ದೊರೆತಿದೆ. ಈಜಿಪ್ಟಿನಲ್ಲಿ ಸಿಪ್ಟಾ ಎಂಬ ಬಾಲರಾಜನ ಕಾಲದಲ್ಲಿ ಬಾಯ್ ಎಂಬ ಮಂತ್ರಿಯು ಪ್ರಬಲನಾಗಿದ್ದನು. ಅವನು ಅಮ್ಮುರಾಪಿಗೆ ಬರೆದ ಓಲೆಯು ಉಗಾರಿಟಿನಲ್ಲಿ ಸಿಕ್ಕಿದೆ. ೨೦೦೦ದಲ್ಲಿ ಪ್ರಕಟವಾದ ಒಂದು ಬರೆಹದ ಬಿಲ್ಲೆಯಿಂದ ಸಿಪ್ಟಾನ ಐದನೆಯ ವರ್ಷದಲ್ಲಿ ಬಾಯ್ ವಧೆಗೆ ಗುರಿಯಾದನೆಂದು ತಿಳಿದುಬಂದಿತು. ಹೀಗೆ ಕ್ರಿ. ಪೂ. ೧೧೯೫ರ ಆಚೀಚೆ ಉಗಾರಿಟ್ ಇನ್ನೂ ನಿಂತಿತ್ತೆಂಬುದು ಸಿದ್ಧ. ಅದು ಬಿದ್ದುದು ಅಲ್ಲಿಂದ ಕೆಲವೇ ವರ್ಷಗಳಲ್ಲಿ.

ಇಷ್ಟು ಸೂಕ್ಷ್ಮವಾದ ಲೆಕ್ಕವು ಗ್ರೀಸಿಗೆ ದೊರೆಯುವುದಿಲ್ಲ. ಪೈಲೋಸಿನ ಫಲಕಗಳಲ್ಲಿ ಈ ವರ್ಷ, ಕಳೆದ ವರ್ಷ ಎಂದಿದೆಯೇ ಹೊರತು ಯಾವ ಅರಸನ ಎಷ್ಟನೆಯ ವರ್ಷವೆಂದಿಲ್ಲ. ಅಲ್ಲಿಯ ಪತನವನ್ನು ಮಡಕೆಗಳ ಮಾದರಿಯಿಂದ ಗೊತ್ತುಮಾಡಬೇಕು. ಒಂದು ಮಾದರಿಯು ಬಳಕೆಯಲ್ಲಿರುವುದು ಒಂದು ತಲೆಮಾರಿಗೆ ಕಡಮೆಯಿಲ್ಲದೆ. ಎರಡು ಊರುಗಳ ಬೂದಿಯಲ್ಲಿ ಒಂದೇ ಮಾದರಿಯ ಮಡಕೆ ಸಿಕ್ಕಿದರೆ, ಅವೆರಡೂ ಒಂದೇ ಬೇಸಗೆಯಲ್ಲಿ ಸುಟ್ಟಿರಬಹುದು, ಮೂವತ್ತು ವರ್ಷಗಳ ಅಂತರದಲ್ಲಿಯೂ ಸುಟ್ಟಿರಬಹುದು. ಇಂಗಾಲದ ಪರೀಕ್ಷೆಯು ಕೊಡುವ ಅವಧಿಯೂ ಸಾಮಾನ್ಯವಾಗಿ ಹಲವು ದಶಕಗಳಷ್ಟು ಅಗಲವಾದುದು. ಇಂತಹ ಊರುಗಳನ್ನೆಲ್ಲ ಒಂದೇ ಪಟದಲ್ಲಿ ಗುರುತಿಸಿ ಬಾಣದ ಗೆರೆಗಳಿಂದ ಸೇರಿಸಿದಾಗ, ನೋಡುವವನ ಕಣ್ಣಿಗೆ ಒಂದು ದಂಡಯಾತ್ರೆಯೇ ನಡೆದಂತೆ ತೋರುತ್ತದೆ. ೨೦೨೩ರಲ್ಲಿ ಜೆಸ್ಸಿ ಮಿಲ್ಲೆಕ್ ಎಂಬ ಸಂಶೋಧಕನು ಈ ಕಾಲದ್ದೆಂದು ಹಿಂದಿನವರು ಹೇಳಿದ ವಿನಾಶಗಳನ್ನು ಒಂದೊಂದಾಗಿ ಮೂಲವರದಿಗಳೊಡನೆ ತಾಳೆನೋಡಿದನು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಬೇರೆ ಕಾಲದವಾಗಿದ್ದುವು, ಇಲ್ಲವೆ ಅಲ್ಪಾಧಾರದಿಂದ ಊಹಿಸಿದವಾಗಿದ್ದುವು, ಇಲ್ಲವೆ ನಡೆದೇ ಇರಲಿಲ್ಲ.

ಇದರಿಂದ ಪತನವೇ ಆಗಲಿಲ್ಲವೆಂದು ಸಾಧಿಸಹೊರಡುವುದು ತಪ್ಪು. ಪೈಲೋಸ್, ಉಗಾರಿಟ್, ಹತ್ತುಸಾಗಳ ಅವಸಾನವನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ವಿವರಿಸಬೇಕಾದ ವಿಷಯದ ಆಕಾರವೇ ಬದಲಾಗುತ್ತದೆ. ಒಂದು ವರ್ಷದ ಪ್ರಳಯವನ್ನು ವಿವರಿಸುವುದಕ್ಕೆ ಒಂದು ಮಹಾಘಾತ ಬೇಕು. ಐವತ್ತು ವರ್ಷಗಳ ಕುಸಿತವನ್ನು ವಿವರಿಸುವುದಕ್ಕೆ ಬೇಕಾದುದು, ಒಂದು ಬಿದ್ದಮೇಲೆ ಇನ್ನೊಂದು ಏಕೆ ನಿಲ್ಲಲಾರದೆ ಹೋಯಿತೆಂಬುದಕ್ಕೆ ಉತ್ತರ.

೬

ಪ್ರಕೃತಿಯ ಕೋಪವನ್ನು ಕಾರಣವಾಗಿ ಹೇಳಿದವರ ವಾದಗಳು ಎರಡು. ಒಂದು ಭೂಕಂಪ. ಶೆಫರನೇ ೧೯೪೮ರಲ್ಲಿ ಈ ವಾದವನ್ನು ವಿಸ್ತಾರವಾಗಿ ಮಂಡಿಸಿದನು. ೨೦೦೦ದಲ್ಲಿ ಅಮೋಸ್ ನೂರ್, ಎರಿಕ್ ಕ್ಲೈನ್ ಇಬ್ಬರೂ ಐವತ್ತು ವರ್ಷಗಳ ಕಾಲ ಸಾಲುಸಾಲಾಗಿ ಭೂಕಂಪಗಳು ನಡೆದಿರಬಹುದೆಂದು ಅದನ್ನು ತಿದ್ದಿದರು. ಆದರೆ ಭೂಕಂಪದಿಂದ ಬಿದ್ದವೆಂದು ಹೇಳುತ್ತಿದ್ದ ಟಿರಿನ್ಸ್ ಮತ್ತು ಮಿದೇಯಗಳ ನೆಲವನ್ನೂ ಗೋಡೆಗಳನ್ನೂ ಯಂತ್ರಗಳಿಂದ ಪರೀಕ್ಷಿಸಿದ ಒಂದು ತಂಡವು ೨೦೧೮ರಲ್ಲಿ, ಅಲ್ಲಿಯ ಹಾನಿಗೆ ಭೂಕಂಪವೇ ಕಾರಣವೆಂಬುದಕ್ಕೆ ಸಾಕಾದ ಆಧಾರವಿಲ್ಲವೆಂದು ತಿಳಿಸಿತು. ಅಲ್ಲದೆ ಭೂಕಂಪವು ಗೋಡೆಯನ್ನು ಕೆಡವಬಹುದು. ಗೋಡೆಯನ್ನು ಮತ್ತೆ ಕಟ್ಟಿಸದಿರುವುದಕ್ಕೆ ಅದು ಕಾರಣವಾಗದು. ಇದೇ ಅರಮನೆಗಳು ಹಿಂದೆ ಕುಸಿದು ಮತ್ತೆ ಎದ್ದುದುಂಟು.

ಎರಡನೆಯದು ಅನಾವೃಷ್ಟಿ. ೧೯೬೬ರಲ್ಲಿ ರಿಸ್ ಕಾರ್ಪೆಂಟರ್ ಇದನ್ನು ಸೂಚಿಸಿದಾಗ ಅದು ಬರಿಯ ಊಹೆಯಾಗಿತ್ತು. ಈಗ ಅದಕ್ಕೆ ಗಟ್ಟಿಯಾದ ಆಧಾರಗಳಿವೆ. ಗಲಿಲಿ ಸರೋವರದ ತಳದ ಕೆಸರಿನಲ್ಲಿ ಪದರಪದರವಾಗಿ ಉಳಿದ ಹೂವಿನ ಪರಾಗವನ್ನು ಎಣಿಸಿದವರು, ಕ್ರಿ. ಪೂ. ೧೨೫೦ರಿಂದ ೧೧೦೦ರ ವರೆಗೆ ಮರಗಳ ಪರಾಗವು ತೀರ ಕಡಮೆಯಾಗಿ ಒಣಹವೆಯಿತ್ತೆಂದು ೨೦೧೩ರಲ್ಲಿ ತೋರಿಸಿದರು. ಇದಕ್ಕಿಂತ ನಿಖರವಾದುದು ೨೦೨೩ರಲ್ಲಿ ಸ್ಟರ್ಟ್ ಮ್ಯಾನಿಂಗ್ ಮತ್ತು ಸಂಗಡಿಗರು ಪ್ರಕಟಿಸಿದ ಪರೀಕ್ಷೆ. ಏಷ್ಯಾಮೈನರಿನ ಗಾರ್ಡಿಯನ್ ಎಂಬಲ್ಲಿಯ ದೊಡ್ಡ ಸಮಾಧಿದಿಬ್ಬದೊಳಗೆ ಜೂನಿಪರ್ ಮರದ ದಿಮ್ಮಿಗಳಿವೆ. ಮಳೆಯಿಲ್ಲದ ವರ್ಷದಲ್ಲಿ ಮರದ ವಾರ್ಷಿಕ ಬಳೆ ಕಿರಿದಾಗುತ್ತದೆ. ಆ ಬಳೆಗಳನ್ನೂ ಅವುಗಳಲ್ಲಿಯ ಇಂಗಾಲವನ್ನೂ ಅಳೆದಾಗ ಕ್ರಿ. ಪೂ. ೧೧೯೮ರಿಂದ ೧೧೯೬ರ ವರೆಗೆ, ಮೂರು ವರ್ಷಗಳ ಹೆಚ್ಚುಕಡಮೆಯಲ್ಲಿ, ಒಂದರಮೇಲೊಂದು ಮೂರು ವರ್ಷ ಭಯಂಕರವಾದ ಬರ ಬಿದ್ದುದು ಕಂಡುಬಂದಿತು.

ಮೂರು ವರ್ಷವೆಂಬುದಕ್ಕೆ ಬೇಸಾಯ ಬಲ್ಲವರು ಹೆಚ್ಚಿನ ವ್ಯಾಖ್ಯಾನವನ್ನು ಕೇಳುವುದಿಲ್ಲ. ಮೊದಲನೆಯ ವರ್ಷ ಕಣಜ ತೆರೆಯುತ್ತದೆ; ಎರಡನೆಯ ವರ್ಷ ಕಣಜ ಬರಿದಾಗುತ್ತದೆ; ಮೂರನೆಯ ವರ್ಷ ಬಿತ್ತನೆಯ ಬೀಜಕ್ಕೆ ಕೈಹಾಕಬೇಕಾಗುತ್ತದೆ. ಪಾಲಿನ ಧಾನ್ಯವು ತಪ್ಪಿದರೆ ಸೈನಿಕನು ನಿಲ್ಲುವುದಿಲ್ಲ, ಕುಶಲಕರ್ಮಿಯು ಕೆಲಸಮಾಡುವುದಿಲ್ಲ. ಮೂರನೆಯ ರಾಮ್ಸೆಸನ ಇಪ್ಪತ್ತೊಂಬತ್ತನೆಯ ವರ್ಷದಲ್ಲಿ, ಧಾನ್ಯ ಬರಲು ತಡವಾಯಿತೆಂದು ರಾಜಸಮಾಧಿಗಳನ್ನು ಕೊರೆಯುವ ಕೆಲಸಗಾರರು ಕೆಲಸ ಬಿಟ್ಟು ಹೊರಟುದು ಟ್ಯೂರಿನಿನಲ್ಲಿರುವ ಒಂದು ಪಪೈರಸ್ ಹಾಳೆಯಿಂದ ತಿಳಿಯುತ್ತದೆ. ನೈಲ್ ನದಿಯ ನೀರುಂಡ ಈಜಿಪ್ಟಿಗೇ ಹೀಗಾದರೆ ಮಳೆಯನ್ನೇ ನಂಬಿದ ಹತ್ತುಸಾದ ಗತಿ ಏನಾಗಿರಬೇಕು?

ಆದರೂ ಬರವೊಂದನ್ನೇ ಕಾರಣವೆನ್ನುವುದಕ್ಕೆ ಎರಡು ಆಕ್ಷೇಪಣೆಗಳುಂಟು. ಮೊದಲನೆಯದಾಗಿ, ಹಿಟ್ಟೈಟರು ಮೆರ್ನೆಪ್ಟಾನ ಕಾಲದ ಕ್ಷಾಮವನ್ನು ಹೊರಗಿನ ಧಾನ್ಯದಿಂದ ದಾಟಿದ್ದರು. ಎರಡನೆಯದಾಗಿ, ಅದೇ ಸಿರಿಯಾದಲ್ಲಿ, ಅದೇ ಒಣಹವೆಯಲ್ಲಿ, ಕಾರ್ಕೆಮಿಷ್ ಬದುಕಿತು. ಬರವು ಎಲ್ಲರ ಮೇಲೂ ಬಿದ್ದಿತು, ಎಲ್ಲರೂ ಬೀಳಲಿಲ್ಲ.

೭

ಈ ಆಕ್ಷೇಪಣೆಗಳಿಂದಲೇ ಇಂದಿನ ವಿದ್ವಾಂಸರು ಬಿಡಿ ಕಾರಣಗಳಿಂದ ಕಟ್ಟಡದ ವಿಚಾರಕ್ಕೆ ತಿರುಗಿದ್ದಾರೆ. ೧೯೭೯ರಲ್ಲಿ ಕಾಲಿನ್ ರೆನ್ಫ್ರೂ ವ್ಯವಸ್ಥಾಪತನ ಎಂಬ ಭಾವನೆಯನ್ನು ವಿಶದಪಡಿಸಿದನು. ೨೦೧೪ರಲ್ಲಿ ಕ್ಲೈನ್ ತನ್ನ ಗ್ರಂಥದಲ್ಲಿ ಬರ, ಭೂಕಂಪ, ದಂಗೆ, ದಾಳಿಗಳು ಒಂದರಮೇಲೊಂದು ಬಂದುದನ್ನು ಅದರೊಡನೆ ಸೇರಿಸಿದನು. ಬಿಗಿಯಾಗಿ ಹೆಣೆದ ವ್ಯವಸ್ಥೆಯಲ್ಲಿ ಒಂದು ಎಳೆ ಕಿತ್ತರೆ ಉಳಿದವೂ ಸಡಿಲವಾಗುತ್ತವೆ. ಧಾನ್ಯ, ಲೋಹ, ಸೈನ್ಯ, ಹಡಗು ಇವುಗಳ ಓಡಾಟವೇ ಉಸಿರಾಗಿದ್ದ ಅರಮನೆಗಳು ಆ ಓಡಾಟ ನಿಂತಾಗ ಬಿದ್ದುವು ಎಂಬುದು ಇದರ ಸಾರ.

ಈ ಮತದ ಮೇಲೆಯೂ ದೋಷಾರೋಪಣೆಯುಂಟು. ಎಲ್ಲವೂ ಕಾರಣವೆಂದರೆ ಯಾವುದೂ ಕಾರಣವಲ್ಲವೆಂದಂತಾಗುತ್ತದೆ. ನಡೆದುದನ್ನು ಮತ್ತೊಂದು ಮಾತಿನಲ್ಲಿ ಹೇಳಿದಂತಾಗುತ್ತದೆ. ಈ ಆಕ್ಷೇಪಣೆಯು ನ್ಯಾಯವಾದುದು. ಆದುದರಿಂದ ಈ ಮತವು ನಿಲ್ಲಬೇಕಾದರೆ ಅದನ್ನು ಒಂದು ಪರೀಕ್ಷೆಗೆ ಒಡ್ಡಬೇಕು. ಆ ಪರೀಕ್ಷೆ ಯಾವುದೆಂದರೆ: ಯಾರು ಉಳಿದರು, ಏನು ಉಳಿಯಿತು? ಬಿಗಿಯಾದ ಹೆಣಿಗೆಯೇ ಪತನಕ್ಕೆ ಕಾರಣವಾಗಿದ್ದರೆ ಹೆಣಿಗೆ ಸಡಿಲವಾಗಿದ್ದ ಕಡೆಗಳಲ್ಲಿ ಜೀವನವು ಮುಂದುವರಿದಿರಬೇಕು.

ಹಾಗೆಯೇ ಮುಂದುವರಿದುದು ಕಂಡುಬರುತ್ತದೆ. ಫಿನೀಷಿಯದ ಬಿಬ್ಲೋಸ್, ಸಿದೋನ್ ಮೊದಲಾದ ವ್ಯಾಪಾರದ ಪಟ್ಟಣಗಳು ಉಳಿದುವು, ಕ್ರಿ. ಪೂ. ೧೧೦೦ರ ಸುಮಾರಿಗೆ ಅಸ್ಸೀರಿಯಾದ ತಿಗ್ಲತ್ ಪಿಲೇಸರನು ಕಡಲತೀರಕ್ಕೆ ಬಂದಾಗ ಅವು ಅವನಿಗೆ ಕಾಣಿಕೆ ಕೊಟ್ಟುವು. ಸೈಪ್ರಸ್ ದ್ವೀಪದ ಊರುಗಳಲ್ಲಿ ಕಿತಿಯೋನ್, ಪಾಫೋಸ್ ಮೊದಲಾದುವು ಕಬ್ಬಿಣದ ಕೆಲಸವನ್ನು ಬೆಳೆಸಿದುವು. ಟಿರಿನ್ಸಿನಲ್ಲಿ ಅರಮನೆ ಸುಟ್ಟಮೇಲೆ ಕೆಳಪಟ್ಟಣವು ಕುಗ್ಗದೆ ಹಿಗ್ಗಿತು. ಗ್ರೀಸಿನಲ್ಲಿ ಅಳಿದುದು ಮುಖ್ಯವಾಗಿ ಅರಮನೆ, ಅದರ ಲಿಪಿಕಾರರು, ಅದರ ಕಣಜ.

ಸಾಹಿತ್ಯಾಭ್ಯಾಸಿಗಳಿಗೆ ರುಚಿಸುವ ಒಂದು ಸಾಕ್ಷಿಯು ಭಾಷೆಯಲ್ಲಿಯೇ ಇದೆ. ಪೈಲೋಸಿನ ಫಲಕಗಳಲ್ಲಿ ಅರಸನಿಗೆ ವನಕ್ಸ್ ಎಂಬ ಹೆಸರಿದೆ. ಬಸಿಲೆವುಸ್ ಎಂಬ ಶಬ್ದವು ಅಲ್ಲಿ ಚಿಕ್ಕ ಅಧಿಕಾರಿಯೊಬ್ಬನಿಗೆ, ಬಹುಮಟ್ಟಿಗೆ ಕಮ್ಮಾರರ ಮೇಳದ ಮುಖ್ಯಸ್ಥನಿಗೆ, ಸಲ್ಲುತ್ತದೆ. ನಾಲ್ಕೈದು ಶತಮಾನಗಳ ಅನಂತರ ಹೋಮರನ ಕಾವ್ಯಗಳಲ್ಲಿ ಬಸಿಲೆವುಸ್ ಎಂದರೆ ಅರಸನೆಂದೇ ಅರ್ಥ. ಮೇಲಿನ ಅಂತಸ್ತು ಬಿದ್ದುಹೋದಮೇಲೆ ಊರಿನ ಮುಖ್ಯಸ್ಥನೇ ಇದ್ದವರಲ್ಲಿ ದೊಡ್ಡವನಾದನು. ಈ ಅರ್ಥವ್ಯತ್ಯಾಸದೊಳಗೆ ಒಂದು ರಾಜ್ಯವ್ಯವಸ್ಥೆಯ ಅಳಿವೂ ಅದರ ಕೆಳಗಿನ ಸಮಾಜದ ಉಳಿವೂ ಒಟ್ಟಿಗೆ ಅಡಗಿವೆ.

೮

ಕೊನೆಯದಾಗಿ ಪೈಲೋಸಿಗೆ ಹಿಂದಿರುಗಿ, ಆಧಾರಗಳ ಎಲ್ಲೆಯನ್ನು ತೋರಿಸುವ ಒಂದು ನಿದರ್ಶನವನ್ನು ಕೊಡುತ್ತೇವೆ. ಅಲ್ಲಿಯ ಐದು ಫಲಕಗಳಲ್ಲಿ ಸುಮಾರು ೮೦೦ ಮಂದಿಯನ್ನು ಹತ್ತು ದಳಗಳಾಗಿ ವಿಂಗಡಿಸಿ ಕರಾವಳಿಯ ಕಾವಲಿಗೆ ನಿಲ್ಲಿಸಿದ ಲೆಕ್ಕವಿದೆ. ಮತ್ತೊಂದರಲ್ಲಿ ಈಟಿಯ ಮೊನೆಗಳಿಗಾಗಿ ಊರೂರಿನಿಂದ ಕಂಚನ್ನು ಕೂಡಿಸಲು ಆಜ್ಞೆಯಿದೆ; ಆ ಕಂಚಿಗಿರುವ ವಿಶೇಷಣವನ್ನು ಕೆಲವರು ದೇಗುಲದ್ದೆಂದೂ ಕೆಲವರು ಹಡಗಿನದೆಂದೂ ಓದುವರು. ಜಾನ್ ಚ್ಯಾಡ್ವಿಕ್ ಇವನ್ನು ಬರಲಿರುವ ಶತ್ರುವಿಗೆ ಹೆದರಿದ ರಾಜ್ಯದ ಕೊನೆಯ ಸಿದ್ಧತೆಯೆಂದು ವ್ಯಾಖ್ಯಾನಿಸಿದನು. ಕೇಳುವುದಕ್ಕೆ ಇದು ಮನಮುಟ್ಟುವ ಮಾತೇ. ಆದರೆ ಈ ಫಲಕಗಳು ಸುಡದ ಹಸಿಮಣ್ಣಿನವು. ಅರಮನೆಯನ್ನು ಸುಟ್ಟ ಬೆಂಕಿಯೇ ಅವನ್ನೂ ಸುಟ್ಟು ಉಳಿಸಿತು. ಹೀಗಾಗಿ ನಮಗೆ ದೊರೆತಿರುವುದು ಕೊನೆಯ ಒಂದು ವರ್ಷದ ಲೆಕ್ಕ ಮಾತ್ರ. ಅದಕ್ಕೆ ಹತ್ತು ವರ್ಷ ಹಿಂದೆಯೂ ಕರಾವಳಿಯಲ್ಲಿ ೮೦೦ ಮಂದಿಯೇ ನಿಲ್ಲುತ್ತಿದ್ದರೋ ಏನೋ, ಕಮ್ಮಾರರಿಗೆ ಆಗಲೂ ಕಂಚು ಸಾಲುತ್ತಿರಲಿಲ್ಲವೋ ಏನೋ! ಹೋಲಿಸುವುದಕ್ಕೆ ಹಿಂದಿನ ಕಡತವಿಲ್ಲದಿರುವಾಗ ವಾಡಿಕೆಯನ್ನೂ ವಿಪತ್ತನ್ನೂ ಬೇರ್ಪಡಿಸಲಾಗದು. ಅಂತ್ಯವು ಹೇಗಾಯಿತೆಂಬುದು ನಮಗೆ ಮೊದಲೇ ತಿಳಿದಿರುವುದರಿಂದ ಪ್ರತಿಯೊಂದು ಸಾಲಿನಲ್ಲಿಯೂ ಅಂತ್ಯದ ನೆರಳನ್ನು ಕಾಣುತ್ತೇವೆ.

ಆದುದರಿಂದ ನಿರ್ಣಯವನ್ನು ಹೀಗೆ ಸಂಗ್ರಹಿಸಬಹುದು. ದಾಳಿಗಾರರಿದ್ದರು, ಬರ ಬಿದ್ದಿತು, ಹಸಿವಿತ್ತು; ಇವು ಮೂರೂ ಆಧಾರವುಳ್ಳ ಸಂಗತಿಗಳು. ಇವುಗಳಲ್ಲಿ ಯಾವುದೂ ಒಂಟಿಯಾಗಿ ಹತ್ತುಸಾ, ಉಗಾರಿಟ್, ಪೈಲೋಸ್ ಮೂರರ ಅವಸಾನವನ್ನೂ ಕಾರ್ಕೆಮಿಷಿನ ಉಳಿವನ್ನೂ ಒಟ್ಟಿಗೆ ವಿವರಿಸಲಾರದು. ಉಗಾರಿಟಿನ ಓಲೆಗಳಲ್ಲಿ ಕಣ್ಣಿಗೆ ಬೀಳುವುದು ಸೈನ್ಯವನ್ನೂ ಹಡಗನ್ನೂ ಧಾನ್ಯವನ್ನೂ ಒಬ್ಬರಿಂದೊಬ್ಬರು ಎರವಲು ಪಡೆದು ಬದುಕುತ್ತಿದ್ದ ರಾಜ್ಯಗಳ ಸಾಲು. ಒಳ್ಳೆಯ ಕಾಲದಲ್ಲಿ ಒಬ್ಬನ ಕೊರತೆಯನ್ನು ಇನ್ನೊಬ್ಬನು ತುಂಬಿದ ಅದೇ ಏರ್ಪಾಡು ಕೆಟ್ಟ ಕಾಲದಲ್ಲಿ ಒಬ್ಬನ ಕೊರತೆಯನ್ನು ಎಲ್ಲರಿಗೂ ಹಂಚಿತು. ಹತ್ತುಸಾದ ಕೊನೆಯ ವರ್ಷಗಳ ದಿನದಿನದ ಲೆಕ್ಕವೊಂದು ಮುಂದೆ ದೊರೆತು, ಅದರಲ್ಲಿ ಧಾನ್ಯವೂ ಹಡಗೂ ಕೊನೆಯವರೆಗೆ ತಪ್ಪದೆ ಬಂದುವೆಂದಿದ್ದರೆ ಈ ನಿರ್ಣಯವು ಬೀಳುತ್ತದೆ. ಅಲ್ಲಿಯವರೆಗೆ ಇದು ನಿಲ್ಲಬಹುದೆಂದು ತೋರುತ್ತದೆ.